ಪ್ಯಾರಾ ತುಂಬಿದ ಸ್ಲೈಡ್‌ಗಳನ್ನು ಒಂದೊಂದೇ ಮಾತಿಗೆ ಇಳಿಸುವುದು

ಪ್ರಶ್ನೆ: ಹಣ ಹೂಡುವವರಿಗೆ ತೋರಿಸುವ ನಮ್ಮ ಪಿಚ್ ಡೆಕ್‌ನ ಪ್ರತಿ ಸ್ಲೈಡ್‌ನಲ್ಲೂ ಉದ್ದುದ್ದ ಪ್ಯಾರಾ ಇದೆ. ಒಂದು ಸ್ಲೈಡ್‌ಗೂ ಮುಂದಿನದಕ್ಕೂ ಸಂಬಂಧ ಕಾಣುತ್ತಿಲ್ಲ ಅಂತಾರೆ. ಹೇಗೆ ಸರಿಮಾಡುವುದು?

ಹೋದ ವರ್ಷ ಗೆಳೆಯರೊಬ್ಬರ ಡೆಕ್ ಜೊತೆ ಕೂತು ಇದೇ ಕೆಲಸ ಮಾಡಿದೆ. ಅವರು ಬೆಂಗಳೂರಿನ ಸಣ್ಣ ಹೋಟೆಲ್‌ಗಳಿಗೆ ದೋಸೆ ಹಿಟ್ಟು ಕೊಡುತ್ತಾರೆ. ಅಂಕಿಗಳನ್ನು ಸ್ವಲ್ಪ ಬದಲಿಸಿ ಹೇಳುತ್ತೇನೆ.

ಅವರ ‘ಸಮಸ್ಯೆ’ ಸ್ಲೈಡ್ ಹೀಗಿತ್ತು: “ಹಿಟ್ಟು ರುಬ್ಬಲು ಆಳು ಸಿಗುವುದು ಕಷ್ಟವಾಗಿದ್ದು, ಸಿಕ್ಕರೂ ಬೇಗ ಬಿಟ್ಟುಹೋಗುತ್ತಿದ್ದು, ಹವೆ ಬದಲಾದಂತೆ ಹುಳಿ ಹೆಚ್ಚುಕಡಿಮೆಯಾಗಿ ರುಚಿ ಕೆಡುವುದರಿಂದ, ನಾವು ಒಂದೇ ಹದದ ಹಿಟ್ಟನ್ನು ಬೆಳಗಿನ ಜಾವ ತಲುಪಿಸುತ್ತಿದ್ದು, ಈಗಾಗಲೇ 14 ಹೋಟೆಲ್‌ಗಳು ತೆಗೆದುಕೊಳ್ಳುತ್ತಿವೆ.”

ಓದಲು ಒಂದೇ ವಾಕ್ಯ. ‘ಆಗಿದ್ದು’, ‘ಆಗಿ’, ‘ಆದ್ದರಿಂದ’ ಅಂತ ಕನ್ನಡದಲ್ಲಿ ಎಷ್ಟು ಮಾತನ್ನು ಬೇಕಾದರೂ ಕೊಂಡಿ ಹಾಕಬಹುದು, ಅಲ್ವಾ? ಹಾಗಾಗಿ ಮೊದಲು ಆ ಕೊಂಡಿಗಳನ್ನು ಕತ್ತರಿಸಿ. ಒಂದೊಂದು ತುಂಡನ್ನೂ ಒಂದೊಂದು ಚೀಟಿಯಲ್ಲಿ, ಪೂರ್ತಿ ವಾಕ್ಯವಾಗಿ ಬರೆಯಿರಿ. ಇಲ್ಲಿ ನಾಲ್ಕು ಚೀಟಿ ಬಂದವು: ಆಳು ನಿಲ್ಲುವುದಿಲ್ಲ. ರುಚಿ ಒಂದೇ ಸಮ ಇರುವುದಿಲ್ಲ. ನಾವು ಹಿಟ್ಟು ತಲುಪಿಸುತ್ತೇವೆ. 14 ಹೋಟೆಲ್ ಕೊಳ್ಳುತ್ತಿವೆ. ಕೊನೆಯ ಎರಡು ಸಮಸ್ಯೆಯೇ ಅಲ್ಲ. ಅವು ಬೇರೆ ಸ್ಲೈಡ್‌ಗೆ ಹೋದವು.

ಉಳಿದ ಎರಡರಲ್ಲಿ ಯಾವುದು? “ಹೋಟೆಲ್ ಮಾಲೀಕರು ನಿಮಗೆ ಮೊದಲ ಸಲ ಫೋನ್ ಮಾಡಿದ್ದು ಯಾವ ದಿನ?” ಅಂತ ಕೇಳಿದೆ. “ಆಳು ಬರದ ದಿನ” ಅಂದರು. ಅಲ್ಲಿಗೆ ಸ್ಲೈಡ್ ಸಿಕ್ಕಿತು: “ರುಬ್ಬುವ ಆಳು ಬರದ ದಿನ ಸಣ್ಣ ಹೋಟೆಲ್‌ನಲ್ಲಿ ದೋಸೆ ಇಲ್ಲ.” ಹುಳಿಯ ವಿಷಯ ಸುಳ್ಳಲ್ಲ. ಆದರೆ ಅದಕ್ಕಾಗಿ ಯಾರೂ ಫೋನ್ ಮಾಡಿರಲಿಲ್ಲ. ಅದನ್ನು ಸ್ಲೈಡ್ ಕೆಳಗಿನ ನೋಟ್ಸ್‌ಗೆ ಹಾಕಿದೆವು, ಕೇಳಿದರೆ ಬಾಯಲ್ಲಿ ಹೇಳಲು.

ಇಲ್ಲಿ ಜಾಸ್ತಿ ಜನ ಮಾಡುವ ತಪ್ಪು ಒಂದಿದೆ. ಪ್ಯಾರಾ ಕತ್ತರಿಸಿ ‘ಆಳಿನ ಕೊರತೆ’ ಅಂತ ಎರಡು ಪದ ಬಿಡುತ್ತಾರೆ. ಅದು ಚಿಕ್ಕದಾಯಿತು, ಆದರೆ ಏನನ್ನೂ ಹೇಳಲಿಲ್ಲ. ನಿಮ್ಮ ಸಾಲಿನ ಮುಂದೆ “ಹೌದಾ? ತೋರಿಸಿ” ಅಂತ ಕೇಳಿ ನೋಡಿ. ಪೂರ್ತಿ ವಾಕ್ಯವಾದರೆ ಪ್ರಶ್ನೆ ಹೊಂದುತ್ತದೆ. ಬರೀ ಹೆಸರಿನ ಹಲಗೆಯಾದರೆ ಹೊಂದುವುದಿಲ್ಲ. ಆ ‘ತೋರಿಸಿ’ಗೆ ಉತ್ತರವಾಗುವ ಒಂದು ಫೋಟೋ ಅಥವಾ ಒಂದು ಅಂಕಿ ಸ್ಲೈಡ್‌ನ ಉಳಿದ ಜಾಗಕ್ಕೆ ಸಾಕು.

ಇನ್ನು ಸ್ಲೈಡ್‌ನಿಂದ ಸ್ಲೈಡ್‌ಗೆ ಹರಿವು. ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿ. ಪ್ರತಿ ಎರಡರ ನಡುವೆ ‘ಆದರೆ’ ಅಥವಾ ‘ಆದ್ದರಿಂದ’ ಹಾಕಿ ಜೋರಾಗಿ ಓದಿ. ‘ಮತ್ತೆ ಇನ್ನೊಂದು ವಿಷಯ’ ಅಂತಲೇ ಹೇಳಬೇಕಾಗಿ ಬಂದರೆ ಅಲ್ಲಿ ದಾರ ಕಡಿದಿದೆ. ನಮ್ಮ ಸಾಲು ಕೊನೆಗೆ ಹೀಗಾಯಿತು:

ಆಳು ಬರದ ದಿನ ದೋಸೆ ಇಲ್ಲ. *ಆದರೆ* ಅಂಗಡಿಯ ಪ್ಯಾಕೆಟ್ ಹಿಟ್ಟು ಹೋಟೆಲ್‌ಗೆ ದುಬಾರಿ. *ಆದ್ದರಿಂದ* ನಾವು ಬೆಳಗ್ಗೆ 5ಕ್ಕೆ ಮುಂಚೆ ದೊಡ್ಡ ಡಬ್ಬದಲ್ಲಿ ಹಿಟ್ಟು ತಲುಪಿಸುತ್ತೇವೆ. *ಆದ್ದರಿಂದ* 14 ಹೋಟೆಲ್‌ಗಳಲ್ಲಿ 11 ರುಬ್ಬುವುದನ್ನೇ ನಿಲ್ಲಿಸಿವೆ. *ಆದರೆ* ನಮ್ಮ ಒಂದು ಗಾಡಿ ಒಂದು ಬೆಳಗ್ಗೆ 14 ಕಡೆಗಿಂತ ಜಾಸ್ತಿ ಹೋಗಲಾರದು. *ಆದ್ದರಿಂದ* ಈ ಹಣದಲ್ಲಿ ಇನ್ನೂ ಮೂರು ಗಾಡಿ ಹಾಕುತ್ತೇವೆ.

ಗಾಡಿಯ ಮಿತಿ ಮೊದಲಿನ ಡೆಕ್‌ನಲ್ಲಿ ಇರಲೇ ಇಲ್ಲ. ‘ನಮಗೆ ಹಣ ಬೇಕು’ ಅನ್ನುವುದು ಎಲ್ಲಿಂದಲೋ ಉದುರಿದ ಹಾಗಿತ್ತು. ಸಾಲು ಓದುವಾಗ ಅಲ್ಲಿ ‘ಆದ್ದರಿಂದ’ ಹೊಂದಲಿಲ್ಲ, ಹಾಗಾಗಿ ನಡುವೆ ಒಂದು ಮಾತು ಬಿಟ್ಟುಹೋಗಿದೆ ಅಂತ ಗೊತ್ತಾಯಿತು. ತಂಡದ ಸ್ಲೈಡ್ ಎರಡನೆಯದಾಗಿ ಕೂತು ದಾರ ಕಡಿಯುತ್ತಿತ್ತು. ಅದನ್ನು ಕೊನೆಗೆ ತಂದೆವು, ‘ಈ ಮೂರು ಗಾಡಿ ನಡೆಸುವವರು ಯಾರು?’ ಅನ್ನುವ ಪ್ರಶ್ನೆಗೆ ಉತ್ತರವಾಗಿ.

ಪವರ್‌ಪಾಯಿಂಟ್ ಬಳಸುತ್ತಿದ್ದರೆ View ಒಳಗಿನ Outline View ತೆರೆಯಿರಿ. ಶೀರ್ಷಿಕೆಗಳೆಲ್ಲ ಒಂದರ ಕೆಳಗೊಂದು ಕಾಣುತ್ತವೆ. ಶೀರ್ಷಿಕೆಯನ್ನು ಅದಕ್ಕೆಂದೇ ಇರುವ ಚೌಕದಲ್ಲೇ ಬರೆದಿರಬೇಕು, ಸುಮ್ನೆ ಬೇರೆ ಟೆಕ್ಸ್ಟ್ ಬಾಕ್ಸ್‌ನಲ್ಲಿ ಬರೆದದ್ದು ಅಲ್ಲಿ ಬರುವುದಿಲ್ಲ. ನಿಮ್ಮ ವ್ಯಾಪಾರ ಗೊತ್ತಿಲ್ಲದ ಒಬ್ಬರಿಗೆ ಅಷ್ಟನ್ನೇ ಓದಲು ಕೊಟ್ಟು, ಕಥೆಯನ್ನು ವಾಪಸ್ ಹೇಳಿಸಿ. ಅವರು ತಡವರಿಸುವ ಜಾಗವನ್ನು ಗುರುತು ಹಾಕಿಕೊಳ್ಳಿ.

ಮೇಲ್‌ನಲ್ಲಿ ಕಳಿಸುವ ಡೆಕ್ ಮಾತ್ರ ಬೇರೆ. ಅಲ್ಲಿ ವಿವರಿಸಲು ನೀವು ಇರುವುದಿಲ್ಲ. ಶೀರ್ಷಿಕೆಗಳು ಅವೇ ಇರಲಿ, ನೋಟ್ಸ್‌ನಿಂದ ಎರಡು ಸಾಲು ಎತ್ತಿ ಪ್ರತಿಯೊಂದರ ಕೆಳಗೆ ಹಾಕಿ. ನಾವು ಎರಡು ಫೈಲ್ ಇಟ್ಟುಕೊಂಡೆವು.