ಕ್ಲೀಟ್ ಗಂಟು ಯಾಕೆ ಸಿಕ್ಕಿಕೊಳ್ಳುತ್ತೆ?

"ಮಲ್ಪೆಯಲ್ಲಿ ರಾತ್ರಿ ದೋಣಿಯ ಕ್ಲೀಟ್‌ಗೆ, ಅಂದರೆ ಹಗ್ಗ ಸುತ್ತೋ ಎರಡು ಕೊಂಬಿನ ಕೊಂಡಿಗೆ, ಕಟ್ಟಿದ ಹಗ್ಗ ಬೆಳಿಗ್ಗೆ ಬಿಚ್ಚೋಕೇ ಬರಲ್ಲ. ಬದಲಿಗೆ ಬೌಲೈನ್ ಹಾಕಲಾ?"

ಬೇಡ. ಬೌಲೈನ್ ಕುಣಿಕೆ ಜಾರುವುದಿಲ್ಲ ನಿಜ, ಆದರೆ ಹಗ್ಗ ಬಿಗಿದಿರುವಾಗ ಅದನ್ನು ಬಿಚ್ಚುವುದು ತುಂಬಾ ಕಷ್ಟ. ಅದನ್ನು ದೋಣಿ ನಿಲ್ಲುವ ಧಕ್ಕೆಯ ಕಂಬಕ್ಕೆ ಹಾಕಿ, ದೋಣಿ ಕಡೆಯ ತುದಿ ಕ್ಲೀಟ್‌ನಲ್ಲೇ ಇರಲಿ.

ನೀವು ಬುಡದ ಸುತ್ತು ಬಿಟ್ಟು ನೇರವಾಗಿ ಬೀಗದ ಸುತ್ತು, ಅಂದರೆ ಹಗ್ಗ ತನ್ನ ಕೆಳಗೇ ಸಿಕ್ಕಿ ಬಿಗಿಯುವ ಸುತ್ತು, ಹಾಕ್ತಿದ್ದೀರಿ ಅನ್ನಿಸುತ್ತೆ. ನಾನೂ ಹಾಗೇ ಮಾಡಿ, ಇಳಿತದಲ್ಲಿ ದೋಣಿ ಹಗ್ಗಕ್ಕೆ ಜೋತುಬಿದ್ದು, ಕೊನೆಗೆ ಹಗ್ಗ ಕತ್ತರಿಸಬೇಕಾಯ್ತು. ಹಗ್ಗವನ್ನು ಮೊದಲು ದೂರದ ಕೊಂಬಿನ ಹಿಂದಿನಿಂದ ತಂದು ಬುಡಕ್ಕೆ ಒಂದು ಪೂರ್ತಿ ಸುತ್ತು ಹಾಕಿ. ಎಳೆತವೆಲ್ಲ ಅಲ್ಲೇ ನಿಲ್ಲುತ್ತೆ. ಆಮೇಲೆ ಕೊಂಬುಗಳ ಮೇಲೆ ಎಂಟರ ಆಕಾರದಲ್ಲಿ ಒಮ್ಮೆ, ಕೊನೆಗೆ ಒಂದೇ ಒಂದು ಬೀಗದ ಸುತ್ತು. ತುದಿ ಕೆಳಗಿನ ಎಳೆಗೆ ಸಮಾನಾಂತರವಾಗಿ ಮಲಗಿದರೆ ಸರಿ, ಅಡ್ಡ ಬಿದ್ದರೆ ತಪ್ಪು. ಇಳಿತಕ್ಕೆ ಹಗ್ಗ ಸ್ವಲ್ಪ ಸಡಿಲ ಬಿಡಿ.

ಎಂಟರ ಗಂಟು ಬೇರೆ. ಹಾಯಿಯ ಹಗ್ಗ ರಾಟೆಯಿಂದ ಜಾರಿ ಹೋಗದಂತೆ ಅದರ ತುದಿಗೆ ಹಾಕುವಂಥದ್ದು.