ಆಫರ್ ಲೆಟರ್ ಕೊಟ್ಟು ಒಂಬತ್ತು ತಿಂಗಳು ಮೌನವಾಗಿದ್ದರೆ ಯಾರು ಬರ್ತಾರೆ?

ಹುಬ್ಬಳ್ಳಿಯಲ್ಲಿ ನಮ್ಮದು 24 ಜನರ ಸಾಫ್ಟ್‌ವೇರ್ ಕಂಪನಿ. ಅಕ್ಟೋಬರಿನಲ್ಲಿ ಕ್ಯಾಂಪಸ್‌ಗೆ ಹೋಗಿ 8 ಮಂದಿಯನ್ನು ಆರಿಸಿದೆವು, ವರ್ಷಕ್ಕೆ 3.6 ಲಕ್ಷ. ಜುಲೈನಲ್ಲಿ ಬಂದವರು ಇಬ್ಬರೇ. ದೊಡ್ಡ ಹೆಸರುಗಳ ಎದುರು ನಾವು ಹೇಗೆ ನಿಲ್ಲೋದು? ಇನ್‌ಸ್ಟಾಗ್ರಾಂ ಪೇಜ್, ಆಫೀಸ್ ವಿಡಿಯೊ ಮಾಡಿಸಿದರೆ ಆಗುತ್ತಾ?

ವಿಡಿಯೊ ಆಮೇಲೆ. ಅಕ್ಟೋಬರಿನಿಂದ ಜುಲೈವರೆಗೆ ಆ 8 ಮಕ್ಕಳ ಜೊತೆ ಎಷ್ಟು ಸಲ ಮಾತಾಡಿದಿರಿ? ಪತ್ರದಲ್ಲಿ ಅದೊಂದನ್ನು ಬರೆದಿಲ್ಲ, ಯಾರೂ ಬರೆಯೋದಿಲ್ಲ. ಅಕ್ಟೋಬರಿನಲ್ಲಿ ಆಫರ್ ಲೆಟರ್, ಜೂನ್ ಕೊನೆಗೆ "ಇಂಥ ದಿನ ಬನ್ನಿ" ಅಂತ ಒಂದು ಮೇಲ್. ಇಷ್ಟೇ ಇರುತ್ತೆ.

ದೊಡ್ಡ ಕಂಪನಿಗಳೂ ಕಾಯಿಸುತ್ತವೆ. 2022ರಲ್ಲಿ ಪಾಸಾದ ಎಷ್ಟೋ ಮಕ್ಕಳು ದೊಡ್ಡ ಐಟಿ ಕಂಪನಿಯ ಆಫರ್ ಹಿಡಿದುಕೊಂಡು ವರ್ಷಗಟ್ಟಲೆ ಕಾದರು. ಆದರೂ ಕಾದರು ನೋಡಿ! ಅಲ್ಲಿ ಮೌನವಾದರೆ "ಪ್ರಾಜೆಕ್ಟ್ ಬಂದಿಲ್ಲ, ಬಂದಾಗ ಕರೀತಾರೆ" ಅಂತ ಮನೆಯವರೇ ಸಮಾಧಾನ ಹೇಳ್ತಾರೆ. ನೀವು ಎರಡು ತಿಂಗಳು ಸುಮ್ಮನಿದ್ದರೆ "ಅದು ಇದೆಯೋ ಮುಚ್ಚಿತೋ" ಅಂತ ಅದೇ ಮನೆಯವರು ಕೇಳ್ತಾರೆ. ನಿಮಗೂ ಅವರಿಗೂ ಇರುವ ನಿಜವಾದ ಅಂತರ ಇದೇ, ಸಂಬಳದ್ದು ಆಮೇಲೆ.

ಮೈಸೂರಿನ ಒಂದು ಚಿಕ್ಕ ಕಂಪನಿಗೆ ನಾನು ಮಾಡಿಸಿದ್ದನ್ನೇ ಹೇಳ್ತೀನಿ. ಮೊದಲು ಆಫರ್ ಲೆಟರ್ ಬದಲಾಯಿಸಿದೆವು. ಅವರದ್ದೂ 3.6 ಲಕ್ಷವೇ, ಅಂದರೆ ತಿಂಗಳಿಗೆ 30,000. ಬೇಸಿಕ್ 15,000. ಆ 30,000ದಲ್ಲೇ ಕಂಪನಿ ಕಟ್ಟುವ ಪಿಎಫ್ 1,800, ಗ್ರಾಚ್ಯುಟಿಗೆ ಸುಮಾರು 720 ಹೋಗುತ್ತೆ. ಆಮೇಲೆ ಹುಡುಗನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200. ಕೈಗೆ ಬರೋದು ಸುಮಾರು 25,480. ಈ ಕೊನೆಯ ಅಂಕಿಯನ್ನೇ ದಪ್ಪಕ್ಷರದಲ್ಲಿ ಹಾಕಿಸಿದೆ. ಮಾಲೀಕರು ಹೆದರಿದರು, ಕಡಿಮೆ ಕಾಣುತ್ತೆ ಅಂತ. ಆದರೆ ಅಷ್ಟೇ ಸಿಟಿಸಿಯಲ್ಲಿ ವೇರಿಯಬಲ್ ಪೇ ಸೇರಿಸಿಕೊಂಡಿರುವ ಕಂಪನಿಯಲ್ಲಿ ತಿಂಗಳಿಗೆ ಕೈಗೆ ಸಿಗೋದು ಇನ್ನೂ ಕಡಿಮೆ ಅಂತ ಮಕ್ಕಳೇ ಸೀನಿಯರ್‌ಗಳನ್ನು ಕೇಳಿ ಲೆಕ್ಕ ಹಾಕಿದರು.

ಎರಡನೆಯದು ಮನೆಗೆ ಒಂದು ಪುಟದ ಕನ್ನಡ ಪತ್ರ. ಕಂಪನಿ ಏನು ಮಾಡುತ್ತೆ, ಆಫೀಸ್ ಎಲ್ಲಿದೆ, ಸಂಬಳ ಯಾವ ತಾರೀಖಿಗೆ ಆಗುತ್ತೆ, ಪಿಎಫ್ ಕೋಡ್ ನಂಬರ್ ಏನು, ಯಾರಿಗೆ ಫೋನ್ ಮಾಡಬೇಕು. ಹೊಗಳಿಕೆ ಒಂದು ಸಾಲೂ ಇಲ್ಲ. ದಾವಣಗೆರೆಯಿಂದ ಒಬ್ಬ ತಂದೆ ಬಸ್ ಹತ್ತಿ ಆಫೀಸ್ ನೋಡಲು ಬಂದರು, ಚಹಾ ಕುಡಿದು ಹೋದರು. ಮಗಳು ಸೇರಿದಳು.

ಮೂರನೆಯದು ಇಂಟರ್ನ್‌ಶಿಪ್. ವಿಟಿಯು ಮಕ್ಕಳಿಗೆ ಕೊನೇ ವರ್ಷ ಅದು ಹೇಗೂ ಕಡ್ಡಾಯ, ಎಷ್ಟೋ ಮಂದಿ ದುಡ್ಡು ಕೊಟ್ಟು ಸರ್ಟಿಫಿಕೇಟ್ ತರ್ತಾರೆ. ನೀವು ಸ್ಟೈಪೆಂಡ್ ಕೊಟ್ಟು ಕರೆಸಿ, ಗ್ರಾಹಕರು ನಿಜವಾಗಿ ಬಳಸುವ ಒಂದು ಸಣ್ಣ ಫೀಚರ್ ಮಾಡಿಸಿ, ಜೊತೆಗೆ ಒಬ್ಬ ಸೀನಿಯರ್ ಇರಲಿ. ಎಕ್ಸೆಲ್ ತುಂಬಿಸಲು ಕೂರಿಸಿದರೆ ಮುಂದಿನ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಅದೇ ಸುದ್ದಿ ಹೋಗುತ್ತೆ, ಆಮೇಲೆ ಆ ಕಾಲೇಜಿಗೆ ಹೋಗೋದೇ ಬೇಡ.

ಆ ವರ್ಷ ಮೈಸೂರಿನ ಕಂಪನಿಗೆ 6 ಆಫರ್‌ಗೆ 4 ಜನ ಬಂದರು. ಇನ್ನಿಬ್ಬರಿಗೆ ಬೆಂಗಳೂರಿನಲ್ಲಿ ಹೆಚ್ಚುಕಮ್ಮಿ ದುಪ್ಪಟ್ಟು ಸಿಕ್ಕಿತ್ತು, ಅವರನ್ನು ಯಾವ ಬ್ರ್ಯಾಂಡಿಂಗೂ ಹಿಡಿಯೋದಿಲ್ಲ. ಆದರೆ ಅದು ಫೆಬ್ರವರಿಯಲ್ಲೇ ಗೊತ್ತಾಯಿತು, ಯಾಕಂದರೆ ನೇರವಾಗಿ ಕೇಳಿದ್ದೆವು: "ಬೇರೆ ಯಾವ ಆಫರ್ ಇದೆ? ಹೇಳಿದರೆ ಬೇಜಾರಿಲ್ಲ." ದಾಖಲೆ ಕಳಿಸಲು ಸತಾಯಿಸುವವನು, ಯಾವ ಪ್ರಶ್ನೆಯನ್ನೂ ಕೇಳದೆ ಎಲ್ಲಕ್ಕೂ "ಓಕೆ ಸರ್" ಅನ್ನುವವನು ಸಾಮಾನ್ಯವಾಗಿ ಬಂದು ಸೇರೋದಿಲ್ಲ. ಆ ಜಾಗಕ್ಕೆ ಆಗಲೇ ಇನ್ನೊಬ್ಬರನ್ನು ನೋಡಿಕೊಳ್ಳಿ.

ಎರಡು ವರ್ಷದ ಬಾಂಡ್ ಬರೆಸಿಕೊಂಡು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡರೆ ಹೇಗೆ?

ಮಾರ್ಕ್ಸ್ ಕಾರ್ಡ್ ಮುಟ್ಟಬೇಡಿ. ಬಾಂಡ್ ಬೇಕೇ ಬೇಕು ಅಂದರೆ ವಕೀಲರನ್ನು ಕೇಳಿ, ನನ್ನನ್ನಲ್ಲ.

ಒಂದು ಏಜೆನ್ಸಿ 40,000 ಕೊಟ್ಟರೆ ಆಂಬಿಷನ್‌ಬಾಕ್ಸ್‌ನಲ್ಲಿ 50 ಒಳ್ಳೆ ರಿವ್ಯೂ ಹಾಕಿಸ್ತೀವಿ ಅಂತಿದೆ.

ಕಳ್ಳರು. 24 ಜನರ ಕಂಪನಿಗೆ ಒಂದೇ ವಾರದಲ್ಲಿ 50 ರಿವ್ಯೂ, ಎಲ್ಲಾ ಐದು ಸ್ಟಾರ್. ಕಾಲೇಜು ಹುಡುಗರಿಗೆ ಇಷ್ಟೂ ಲೆಕ್ಕ ಬರಲ್ವಾ? ಈಗಿರುವ ಕೆಟ್ಟ ರಿವ್ಯೂ ಕೆಳಗೆ ನಿಮ್ಮ ಹೆಸರು ಹಾಕಿ ಎರಡು ಸಾಲು ನಿಜ ಬರೆಯಿರಿ.

ಬೀನ್ ಬ್ಯಾಗ್, ಫೂಸ್‌ಬಾಲ್ ಟೇಬಲ್ ತರಿಸೋಣ ಅಂತಿದ್ದೀವಿ.

ಮೊದಲು ಸಂಬಳ ಒಂದನೇ ತಾರೀಖಿಗೆ ಹಾಕಿ.