ಎರಡು ವೈರ್‌ನಲ್ಲೂ ಟೆಸ್ಟರ್ ಉರಿದರೆ ನ್ಯೂಟ್ರಲ್ ಯಾವುದು?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಅಜ್ಜನ ಕಾಲದ ಮನೆ. ಅಡುಗೆಮನೆ ಸಾಕೆಟ್ ಬಿಚ್ಚಿದರೆ ಮೂರೂ ವೈರ್ ಕಪ್ಪು. ಎರಡರಲ್ಲಿ ಟೆಸ್ಟರ್ ಚೆನ್ನಾಗಿ ಉರಿಯುತ್ತೆ, ಮೂರನೇದರಲ್ಲಿ ಮಿಣುಕುತ್ತೆ. ಮಲ್ಟಿಮೀಟರ್ ಇದೆ. ಫೇಸ್, ನ್ಯೂಟ್ರಲ್, ಅರ್ಥ್ ಹೇಗೆ ಗುರುತಿಸೋದು?

ನಾನು ಚಿಕ್ಕಮಗಳೂರಿನಲ್ಲಿ ವೈರಿಂಗ್ ಕೆಲಸ ಮಾಡುತ್ತೇನೆ. ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಒಂದು ಹೆಂಚಿನ ಮನೆಯಲ್ಲಿ ಇದೇ ಲಕ್ಷಣ ನೋಡಿದೆ. "ಟೆಸ್ಟರ್ ಉರಿಯುತ್ತೆ ಕಣಪ್ಪ, ಮಿಕ್ಸಿ ಮಾತ್ರ ತಿರುಗಲ್ಲ" ಅಂದರು ಮನೆಯ ಅಜ್ಜಿ. ನಿಮ್ಮಲ್ಲೂ ಬಹುಶಃ ನ್ಯೂಟ್ರಲ್ ಎಲ್ಲೋ ಕಡಿದಿದೆ. ಹಾಗಾಗಿ ಆ ಮನೆಯಲ್ಲಿ ಮಾಡಿದ್ದನ್ನೇ ಹೇಳುತ್ತೇನೆ.

ಮೊದಲು ಮೈನ್ ಆಫ್ ಮಾಡಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ, ಇಲ್ಲದಿದ್ದರೆ ಮೈನ್ ಆಫ್ ಆದರೂ ಬೋರ್ಡಿಗೆ ಕರೆಂಟ್ ಬರುತ್ತಿರುತ್ತದೆ. ಆಮೇಲೆ ಮೂರು ವೈರ್‌ಗಳನ್ನು ಒಂದಕ್ಕೊಂದು ತಾಗದಂತೆ ಬಿಡಿಸಿ, ಒಂದು ಪ್ಲಾಸ್ಟಿಕ್ ಕನೆಕ್ಟರ್‌ನ ಬೇರೆ ಬೇರೆ ತೂತುಗಳಿಗೆ ಹಾಕಿ ಬಿಗಿ ಮಾಡಿ. ಹಳೆಯ ರಬ್ಬರ್ ವೈರ್ ಮುಟ್ಟಿದರೆ ಪುಡಿಯಾಗುತ್ತದೆ, ಜಾಸ್ತಿ ಬಗ್ಗಿಸಬೇಡಿ. ವೈರ್‌ಗಳಿಗೆ ಪೇಪರ್ ಟೇಪ್ ಸುತ್ತಿ 1, 2, 3 ಅಂತ ಬರೆಯಿರಿ. ಮೀಟರಿನ ಕೆಂಪು ಪ್ರೋಬ್ VΩ ತೂತಿನಲ್ಲಿದೆಯಾ ನೋಡಿ. ಅದು 10A ತೂತಿನಲ್ಲಿದ್ದು ಫೇಸ್‌ಗೆ ಮುಟ್ಟಿಸಿದರೆ ನೇರ ಶಾರ್ಟ್, ಮೀಟರ್ ಕೈಯಲ್ಲೇ ಸಿಡಿಯಬಹುದು. ನಾಬ್ V~ ಮೇಲಿರಲಿ, 600 ಅಥವಾ 750 ರೇಂಜ್. ಆಮೇಲೆ ಮೈನ್ ಆನ್ ಮಾಡಿ, ಕರೆಂಟ್ ಬರುತ್ತಿರುವ ಬೇರೆ ಸಾಕೆಟ್‌ನಲ್ಲಿ ಟೆಸ್ಟರನ್ನೂ ಮೀಟರನ್ನೂ ಒಮ್ಮೆ ಪರೀಕ್ಷಿಸಿಕೊಂಡು ಬನ್ನಿ. ಕಾಲಿಗೆ ಒಣ ಚಪ್ಪಲಿ, ಮನೆಯಲ್ಲಿ ಇನ್ನೊಬ್ಬರು ಇರಲಿ.

ಆ ಮನೆಯಲ್ಲಿ ಮೈನ್ ಮತ್ತೆ ಆನ್ ಮಾಡಿದಾಗ 1 ಮತ್ತು 2 ಜೋರಾಗಿ ಉರಿದವು, 3 ಮಂದ. ಮೀಟರ್ ಹಿಡಿದರೆ 1ಕ್ಕೂ 2ಕ್ಕೂ ನಡುವೆ ಬರೀ 3 ವೋಲ್ಟ್. 1ಕ್ಕೂ 3ಕ್ಕೂ ನಡುವೆ 96. ಈ ಅಂಕಿ ನೋಡಿದರೆ ಯಾರಿಗಾದರೂ ಗೊಂದಲವೇ. ಆದರೆ ಎರಡಕ್ಕೂ ಕಾರಣ ಇದೆ.

ಅಡುಗೆಮನೆಯ ಬಲ್ಬಿನ ಸ್ವಿಚ್ ಆನ್ ಆಗಿಯೇ ಇತ್ತು. ಫೇಸ್ ಆ ಬಲ್ಬಿನ ಮೂಲಕ ಹಾದು ನ್ಯೂಟ್ರಲ್ ವೈರಿಗೆ ಬರುತ್ತದೆ. ನ್ಯೂಟ್ರಲ್ ಸರಿ ಇದ್ದರೆ ಅಲ್ಲಿಂದ ಕಂಬಕ್ಕೆ ಹೋಗುತ್ತದೆ. ಕಡಿದಿದ್ದರೆ ಹೋಗಲು ದಾರಿಯೇ ಇಲ್ಲ. ಬಲ್ಬ್ ಉರಿಯುವುದಿಲ್ಲ, ಆದರೆ ಆ ನ್ಯೂಟ್ರಲ್ ವೈರ್ ಪೂರ್ತಿ ಫೇಸ್ ಮಟ್ಟಕ್ಕೆ ಏರಿ ನಿಲ್ಲುತ್ತದೆ. ಅದಕ್ಕೇ ಟೆಸ್ಟರ್ ಎರಡರಲ್ಲೂ ಉರಿಯುತ್ತದೆ, ಎರಡರ ನಡುವೆ ವೋಲ್ಟೇಜ್ ಮಾತ್ರ ಇರುವುದಿಲ್ಲ. ಇಂಥ ನ್ಯೂಟ್ರಲ್ ಮುಟ್ಟಿದರೆ ಫೇಸ್ ಹಾಗೆಯೇ ಶಾಕ್ ಹೊಡೆಯುತ್ತದೆ.

ಮೂರನೆಯದರ 96 ವೋಲ್ಟ್ ಸುಳ್ಳು ವೋಲ್ಟೇಜ್. ಎಲ್ಲಿಗೂ ಸೇರದೆ ಬಿದ್ದಿರುವ ವೈರ್, ಮರದ ಪಟ್ಟಿಯೊಳಗೆ ಫೇಸ್ ಪಕ್ಕದಲ್ಲೇ ಉದ್ದಕ್ಕೆ ಮಲಗಿದ್ದರೆ ಸ್ವಲ್ಪ ಕರೆಂಟ್ ಅದಕ್ಕೂ ಹತ್ತುತ್ತದೆ. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಅದನ್ನೂ ತೋರಿಸುತ್ತದೆ. ಟೆಸ್ಟರಿನ ನಿಯಾನ್ ದೀಪಕ್ಕೂ ಅಷ್ಟು ಸಾಕು.

ಇನ್ನು ಬೇರ್ಪಡಿಸುವ ಬಗೆ. ಆ ಲೈನಿನ ಬಲ್ಬ್, ಫ್ಯಾನ್ ಎಲ್ಲ ಸ್ವಿಚ್ ಆಫ್ ಮಾಡಿಸಿದೆ, ಫ್ರಿಜ್ ಪ್ಲಗ್ ಕಿತ್ತೆ. ಈಗ 1 ಮಾತ್ರ ಜೋರಾಗಿ ಉರಿಯಿತು, 2 ಮಂಕಾಯಿತು. ಹಾಗಾದರೆ 1 ಫೇಸ್. ಬಲ್ಬ್ ಸ್ವಿಚ್ ಮತ್ತೆ ಹಾಕಿದೆ, 2 ಮತ್ತೆ ಉರಿಯಿತು. ಬಲ್ಬಿನ ಇನ್ನೊಂದು ತುದಿ ಸೇರುವುದು ನ್ಯೂಟ್ರಲ್‌ಗೆ ಮಾತ್ರ ಅಲ್ವಾ? ಆದ್ದರಿಂದ 2 ನ್ಯೂಟ್ರಲ್. 3ಕ್ಕೆ ಸ್ವಿಚ್ ಹಾಕಿದರೂ ತೆಗೆದರೂ ವ್ಯತ್ಯಾಸವಾಗಲಿಲ್ಲ. ಉಳಿದಿದ್ದು ಅರ್ಥ್, ಆದರೆ ಅದೂ ಕಡಿದಿರುವ ಅರ್ಥ್.

ಇದು ಊಹೆ ಮಟ್ಟದಲ್ಲೇ ನಿಲ್ಲಬಾರದು. ಮೈನ್ ಆಫ್ ಮಾಡಿ, ಮೂರು ವೈರೂ ಸತ್ತಿವೆ ಅಂತ ಮೀಟರ್‌ನಲ್ಲಿ ಖಾತ್ರಿ ಮಾಡಿಕೊಂಡು, ಮೀಟರನ್ನು ಬೀಪ್‌ಗೆ ತಿರುಗಿಸಿದೆ. ಮೈನ್ ಬೋರ್ಡಿನಿಂದ ಅಡುಗೆಮನೆವರೆಗೆ ಒಂದು ಉದ್ದ ವೈರ್ ಎಳೆದೆ. ಅದರ ಒಂದು ತುದಿ ಮೈನಿನಿಂದ ಮನೆಯೊಳಗೆ ಹೋಗುವ ನ್ಯೂಟ್ರಲ್ ಟರ್ಮಿನಲ್‌ಗೆ, ಇನ್ನೊಂದು ತುದಿ ಮೀಟರಿಗೆ. ಮೀಟರಿನ ಇನ್ನೊಂದು ಪ್ರೋಬ್ 2ಕ್ಕೆ ಮುಟ್ಟಿಸಿದರೆ ಬೀಪ್ ಇಲ್ಲ. ಅರ್ಥ್ ಟರ್ಮಿನಲ್‌ನಿಂದ 3ಕ್ಕೂ ಬೀಪ್ ಇಲ್ಲ. ಎರಡೂ ಕಡಿದಿದ್ದು ಖಚಿತವಾಯಿತು. ಈ ಹಂತಕ್ಕೆ ನಿಮ್ಮ ಮೈನ್ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕತ್ತರಿಸುವಂಥದ್ದಾಗಿರಬೇಕು. ಹಾಗಿಲ್ಲದಿದ್ದರೆ ಬೋರ್ಡ್ ಮುಟ್ಟಬೇಡಿ, ವೈರ್‌ಮನ್ ಕರೆಸಿ.

ಹಳೆ ಮೈನ್‌ಗಳಲ್ಲಿ ನ್ಯೂಟ್ರಲ್‌ಗೂ ಪಿಂಗಾಣಿ ಫ್ಯೂಸ್ ಇರುತ್ತದೆ. ಮನೆಗೆಲ್ಲ ಹೀಗಾಗಿದ್ದರೆ ಮೊದಲು ಅದನ್ನೇ ನೋಡಬೇಕು. ಅಲ್ಲಿ ಒಂದು ಕೋಣೆಗೆ ಮಾತ್ರ ತೊಂದರೆ ಇತ್ತು. ಹಾಗಾಗಿ ಅಡುಗೆಮನೆ ಬಾಗಿಲ ಮೇಲಿನ ಜಂಕ್ಷನ್ ಬಾಕ್ಸ್ ಬಿಚ್ಚಿದೆ. ನ್ಯೂಟ್ರಲ್ ಜಾಯಿಂಟ್ ಹಸಿರು ಕಿಲುಬು ಹಿಡಿದು ಬಿಟ್ಟುಕೊಂಡಿತ್ತು. ಸೋರುವ ಹೆಂಚು ಸರಿಯಾಗಿ ಅದರ ಮೇಲೇ ಇತ್ತು. ತಾಮ್ರ ಉಜ್ಜಿ ಹೊಸ ಕನೆಕ್ಟರ್ ಹಾಕಿದೆ, ಬೀಪ್ ಬಂತು. ಅರ್ಥ್ ತಂತಿ ಕಾಫಿ ಒಣಗಿಸುವ ಕಣಕ್ಕೆ ಕಾಂಕ್ರೀಟ್ ಹಾಕುವಾಗ ತುಂಡಾಗಿತ್ತು. ಅದಕ್ಕೆ ಹೊಸ ತಂತಿ ಎಳೆಯಬೇಕಾಯಿತು.

ಎಲ್ಲ ಸರಿಯಾದ ಮೇಲಿನ ಅಳತೆ ಇದು. ಲೋಡ್ ಇಲ್ಲದಾಗ ಫೇಸ್–ನ್ಯೂಟ್ರಲ್ 228, ಫೇಸ್–ಅರ್ಥ್ 228, ನ್ಯೂಟ್ರಲ್–ಅರ್ಥ್ ಹೆಚ್ಚುಕಮ್ಮಿ ಸೊನ್ನೆ. ಅದೇ ಲೈನಿನಲ್ಲಿ 1000 ವಾಟ್ ಇಸ್ತ್ರಿಪೆಟ್ಟಿಗೆ ಹಾಕಿದಾಗ ಫೇಸ್–ನ್ಯೂಟ್ರಲ್ 222, ಫೇಸ್–ಅರ್ಥ್ 225, ನ್ಯೂಟ್ರಲ್–ಅರ್ಥ್ 3. ಕರೆಂಟ್ ವಾಪಸ್ ಹೋಗುವುದು ನ್ಯೂಟ್ರಲ್‌ನಲ್ಲಿ, ಅರ್ಥ್‌ನಲ್ಲಿ ಅಲ್ಲ. ಆದ್ದರಿಂದ ಲೋಡ್ ಹಾಕಿದಾಗ ಫೇಸ್ ಜೊತೆ ಕಡಿಮೆ ತೋರಿಸುವುದು ನ್ಯೂಟ್ರಲ್. ಎರಡೂ ವೈರ್ ಸರಿ ಇದ್ದು ಯಾವುದು ಯಾವುದು ಗೊತ್ತಾಗದಿದ್ದಾಗ ಈ ಅಳತೆ ತುಂಬ ಉಪಯೋಗಕ್ಕೆ ಬರುತ್ತದೆ. ಆದರೆ ಫೇಸ್–ಅರ್ಥ್ 228 ಬಂದ ಮಾತ್ರಕ್ಕೆ ಅರ್ಥ್ ಗಟ್ಟಿ ಅಂತ ತಿಳಿಯಬೇಡಿ. ಒಣಗಿದ ಅರ್ಥ್ ಗುಂಡಿಯೂ ಮೀಟರಿಗೆ ಅಷ್ಟೇ ತೋರಿಸುತ್ತದೆ. ಗುಂಡಿಯನ್ನು ಅರ್ಥ್ ಟೆಸ್ಟರ್‌ನಿಂದಲೇ ಅಳೆಸಿ, ಮೈನ್‌ನಲ್ಲಿ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ.

ಒಂದು ಕೆಲಸ ಮಾತ್ರ ಯಾರು ಹೇಳಿದರೂ ಮಾಡಬೇಡಿ. ಅರ್ಥ್ ಸಿಗಲಿಲ್ಲ ಅಂತ ಸಾಕೆಟ್‌ನೊಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಹಾಕಿಬಿಡುವವರಿದ್ದಾರೆ. ಆ ಅಜ್ಜಿಯ ಮನೆಯಲ್ಲೂ ಪಕ್ಕದ ಸಾಕೆಟ್‌ನಲ್ಲಿ ಯಾರೋ ಹಾಗೆ ಮಾಡಿದ್ದರು. ಅದೂ ಇದೇ ಕಡಿದ ನ್ಯೂಟ್ರಲ್‌ನ ಮೇಲೇ ಇತ್ತು. ಬಲ್ಬಿನ ಸ್ವಿಚ್ ಹಾಕಿದೊಡನೆ ಆ ಅರ್ಥ್ ಪಿನ್ನಿನಲ್ಲಿ ಟೆಸ್ಟರ್ ಜೋರಾಗಿ ಉರಿಯಿತು. ಅಲ್ಲಿಗೆ ಫ್ರಿಜ್ ಸಿಕ್ಕಿಸಿದ್ದರೆ ಅದರ ಬಾಗಿಲಿಗೇ ಫೇಸ್ ಬಂದಿರುತ್ತಿತ್ತು. ಮೈನ್ ಮತ್ತು ಯುಪಿಎಸ್ ಆಫ್ ಮಾಡಿ ನಿಮ್ಮ ಮನೆಯ ಪ್ರತಿ ಸಾಕೆಟ್ ಬಿಚ್ಚಿ ಇಂಥ ತುಂಡು ಇದೆಯಾ ನೋಡಿ, ಇದ್ದರೆ ಕಿತ್ತುಹಾಕಿ. ಆಮೇಲೆ 1, 2, 3 ಅಂಕಿಗಳ ಜೊತೆ ನಿಮ್ಮ ಅಳತೆಗಳನ್ನು ಇಲ್ಲೇ ಬರೆಯಿರಿ, ಎಲ್ಲಿ ಕಡಿದಿರಬಹುದು ಅಂತ ಹೇಳುತ್ತೇನೆ.